ಅಜ್ಜಿಯ ಬಾಟಲಿಯನ್ನು ಬಚ್ಚಿಡುವಂತೆ ಮಾಡಿದ್ದು ಯಾರು?

*ಸಂಪಾದಕರಿಗೆ ನಮಸ್ಕಾರ. ನನ್ನ ಮೊಮ್ಮಗನಿಗೆ ನಾಲ್ಕು ವರ್ಷ. ಫಿಟ್ಸ್‌ಗೆ ಫೆನಿಟಾಯಿನ್ ಸಿರಪ್ ಕುಡಿಯುತ್ತಾನೆ. ಬುದ್ಧಿ ಚುರುಕಾಗಲಿ ಅಂತ ನಾನು ಶಂಖಪುಷ್ಪಿ ಸಿರಪ್ಪನ್ನೂ ಕೊಡುತ್ತಿದ್ದೆ. ಎಷ್ಟೋ ದಿನದಿಂದ ಬಾರದಿದ್ದ ಫಿಟ್ಸ್ ಮತ್ತೆ ಬಂತು. ಡಾಕ್ಟರು ಡೋಸ್ ಜಾಸ್ತಿ ಮಾಡಿದರು. ಆಮೇಲೆ ನನ್ನ ಸಿರಪ್ಪಿನ ವಿಷಯ ಗೊತ್ತಾಗಿ ಸೊಸೆಯ ಎದುರೇ ಬೈದರು. ಬರೀ ಗಿಡದ ರಸ ಅಷ್ಟು ಕೆಡುಕು ಮಾಡುತ್ತದಾ? ಅದನ್ನು ನಿಲ್ಲಿಸಿಬಿಟ್ಟರೆ ಸಾಕಾ?*
— ಹೆಸರು ಬೇಡ ಎಂದಿರುವ ಓದುಗರು

ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಅದು ತಡವಾಗಬಾರದು. ನಿಲ್ಲಿಸಬೇಕು, ಆದರೆ ನೀವಾಗಿಯೇ ಸುಮ್ನೆ ನಿಲ್ಲಿಸಿಬಿಡಬೇಡಿ. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಯಾವ ದಿನ ನಿಲ್ಲಿಸಿದಿರಿ ಅಂತ ತಿಳಿಸಿ. ಫೆನಿಟಾಯಿನ್ ಡೋಸನ್ನು ಮಾತ್ರ ಮನೆಯವರು ಯಾರೂ ಮುಟ್ಟಬಾರದು, ಏರಿಸುವುದಕ್ಕೂ ಇಳಿಸುವುದಕ್ಕೂ. ಕಾರಣ ಮುಂದೆ ಹೇಳುತ್ತೇನೆ.

ಡಾಕ್ಟರು ಹೇಳಿದ್ದರಲ್ಲಿ ತಪ್ಪಿಲ್ಲ, ಅದನ್ನು ಒಪ್ಪಿಕೊಳ್ಳೋಣ. ಫೆನಿಟಾಯಿನ್ ಜೊತೆ ಶಂಖಪುಷ್ಪಿ ಸಿರಪ್ ಕೊಡಬಾರದು. ಈ ವಿಷಯ ಹೊಸದೂ ಅಲ್ಲ. 1992ರಲ್ಲಿಯೇ ‘ಜರ್ನಲ್ ಆಫ್ ಎಥ್ನೋಫಾರ್ಮಕಾಲಜಿ’ಯಲ್ಲಿ ಇದರ ಬಗ್ಗೆ ಒಂದು ಲೇಖನ ಬಂತು. ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಇಬ್ಬರಿಗೆ ಫಿಟ್ಸ್ ಇದ್ದಕ್ಕಿದ್ದಂತೆ ಹತೋಟಿ ತಪ್ಪಿತ್ತು. ವಿಚಾರಿಸಿದಾಗ ಇಬ್ಬರೂ ಶಂಖಪುಷ್ಪಿ ಹೆಸರಿನ ಆಯುರ್ವೇದ ಸಿರಪ್ ಕುಡಿಯುತ್ತಿದ್ದರು. ವೈದ್ಯರು ಅಷ್ಟಕ್ಕೇ ಬಿಡದೆ ಇಲಿಗಳಲ್ಲಿ ಪರೀಕ್ಷೆ ಮಾಡಿದರು. ಒಂದೇ ಸಲ ಎರಡನ್ನೂ ಕೊಟ್ಟಾಗ ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಬದಲಾಗಲಿಲ್ಲ, ಆದರೂ ಅದರ ಕೆಲಸ ಕುಂದಿತು. ಮತ್ತೆ ಮತ್ತೆ ಕೊಟ್ಟಾಗ ರಕ್ತದ ಮಟ್ಟವೂ ಇಳಿಯಿತು.

ಆ ಲೇಖನದ ಇನ್ನೊಂದು ಮಾತು ನಿಮಗೆ ಹೇಳಲೇಬೇಕು. ಆ ಸಿರಪ್ಪಿಗೆ ತನ್ನಷ್ಟಕ್ಕೆ ಫಿಟ್ಸ್ ತಡೆಯುವ ಗುಣ ಸ್ವಲ್ಪ ಇತ್ತು. ಅಂದರೆ ಅದು ಕೆಲಸಕ್ಕೆ ಬಾರದ ಬಣ್ಣದ ನೀರಲ್ಲ, ನಿಮ್ಮ ನಂಬಿಕೆಗೆ ಬುಡವಿಲ್ಲ ಅಂತ ಯಾರೂ ಹೇಳುವಂತಿಲ್ಲ. ಆದರೆ ಗುಣ ಇರುವುದರಿಂದಲೇ ಅದು ಇನ್ನೊಂದು ಔಷಧಿಯ ಕೆಲಸದಲ್ಲಿ ಕೈಹಾಕುತ್ತದೆ. ‘ಬರೀ ಗಿಡದ ರಸ’ ಅಂತ ನೀವು ಬರೆದಿದ್ದೀರಿ. ಈ ‘ಬರೀ’ ಒಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬುದ್ಧಿಯನ್ನು ಚುರುಕು ಮಾಡುವಷ್ಟು ಶಕ್ತಿ ಅದಕ್ಕಿದೆ ಅಂತ ನಂಬಿದ ಮೇಲೆ, ಮಗುವಿನ ಮೈಯಲ್ಲಿ ಬೇರೆ ಏನನ್ನೂ ಅದು ಮಾಡಲಾರದು ಅಂತ ಹೇಗೆ ಅಂದುಕೊಳ್ಳುವುದು? ಅಲ್ವಾ?

ಇಬ್ಬರು ರೋಗಿಗಳು, ಜೊತೆಗೆ ಒಂದಿಷ್ಟು ಇಲಿಗಳು. ಸಾಕ್ಷಿ ಇಷ್ಟೇನಾ ಅಂತ ನೀವು ಕೇಳಬಹುದು, ಕೇಳುವುದು ನ್ಯಾಯವೇ. ಆ ಸಿರಪ್ಪಿನಲ್ಲಿ ಶಂಖಪುಷ್ಪಿ ಮಾತ್ರವಲ್ಲ, ಒಂದೆಲಗ, ಜಟಾಮಾಂಸಿಯಂಥ ಬೇರೆ ಮೂಲಿಕೆಗಳೂ ಇದ್ದವು. ಹಾಗಾಗಿ ತಪ್ಪು ಇಂಥ ಗಿಡದ್ದೇ ಅಂತ ಬೆರಳು ತೋರಿಸಲು ಆಗುವುದಿಲ್ಲ. ಆದರೆ ಫೆನಿಟಾಯಿನ್ ವಿಷಯದಲ್ಲಿ ಇಷ್ಟು ಸುಳಿವು ಸಿಕ್ಕರೂ ಸಾಕು. ಆ ಔಷಧಿಯ ಸ್ವಭಾವವೇ ಹಾಗೆ.

ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. ಅದಕ್ಕಿಂತ ಇಳಿದರೆ ಫಿಟ್ಸ್ ಬರಬಹುದು, ಏರಿದರೆ ಔಷಧಿಯೇ ವಿಷದಂತೆ ಕಾಡುತ್ತದೆ. ಈ ಅಂತರ ಬಹಳ ಕಿರಿದು. ಇನ್ನೊಂದು ತೊಡಕೂ ಇದೆ. ಬಹಳಷ್ಟು ಔಷಧಿಗಳಲ್ಲಿ ಡೋಸ್ ಎಷ್ಟು ಏರುತ್ತದೋ ರಕ್ತದ ಮಟ್ಟವೂ ಅಷ್ಟೇ ಏರುತ್ತದೆ. ಫೆನಿಟಾಯಿನ್ ಹಾಗಲ್ಲ. ಅದನ್ನು ಕರಗಿಸಿ ಹೊರಹಾಕುವ ಲಿವರ್‌ನ ಎಂಝೈಮುಗಳಿಗೆ ಒಂದು ಮಿತಿ ಇದೆ. ಒಬ್ಬನೇ ಗುಮಾಸ್ತನಿರುವ ಟಿಕೆಟ್ ಕೌಂಟರ್ ಹಾಗೆ. ಅವನ ಕೈಗೆ ಎಟಕುವಷ್ಟು ಜನ ಬಂದರೆ ಸಾಲೇ ಇರುವುದಿಲ್ಲ. ಅದರ ಮೇಲೆ ನಾಲ್ಕು ಜನ ಜಾಸ್ತಿ ಬರುತ್ತಲೇ ಇದ್ದರೆ ಸಾಲು ರಸ್ತೆಗೆ ಬರುತ್ತದೆ.

ನಿಮ್ಮ ಮೊಮ್ಮಗನ ವಯಸ್ಸಿನ, 16 ಕಿಲೋ ತೂಕದ ಒಂದು ಮಗುವನ್ನು ಇಟ್ಟುಕೊಂಡು ಲೆಕ್ಕ ಮಾಡಿ ನೋಡೋಣ. ಇದು ಅಂದಾಜಿನ ಲೆಕ್ಕ. ಒಂದೊಂದು ಮಗುವಿನ ಲಿವರ್ ಒಂದೊಂದು ಥರ, ಆದ್ದರಿಂದ ಈ ಅಂಕಿಗಳನ್ನು ನಿಮ್ಮ ಹುಡುಗನಿಗೆ ಹೊಂದಿಸಬೇಡಿ. ಮಗು ದಿನಕ್ಕೆ ಒಟ್ಟು 110 ಮಿಲಿಗ್ರಾಂ ಫೆನಿಟಾಯಿನ್ ಕುಡಿಯುತ್ತಿದೆ. ರಕ್ತದಲ್ಲಿ ಮಟ್ಟ 11ರ ಆಸುಪಾಸಿನಲ್ಲಿದೆ, ಫಿಟ್ಸ್ ಇಲ್ಲ. ಮನೆಯಲ್ಲಿ ಮೂಲಿಕೆ ಸಿರಪ್ ಶುರುವಾಗುತ್ತದೆ. ಕೆಲವು ವಾರದಲ್ಲಿ ಮಟ್ಟ 6ಕ್ಕೆ ಇಳಿದು ಫಿಟ್ಸ್ ಬರುತ್ತದೆ. ಸಿರಪ್ಪಿನ ವಿಷಯ ಗೊತ್ತಿಲ್ಲದ ಡಾಕ್ಟರು, ಮಗು ಬೆಳೆದಿದೆ, ಡೋಸ್ ಸಾಲುತ್ತಿಲ್ಲ ಅಂದುಕೊಂಡು 130 ಮಿಲಿಗ್ರಾಂ ಮಾಡುತ್ತಾರೆ. ಮಟ್ಟ 9ಕ್ಕೆ ಬರುತ್ತದೆ, ಫಿಟ್ಸ್ ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ಆಮೇಲೆ ಒಂದು ದಿನ ಬಾಟಲಿ ಖಾಲಿಯಾಗಿಯೋ, ಯಾರೋ ಬೈದರು ಅಂತಲೋ ಮೂಲಿಕೆ ಸಿರಪ್ ನಿಲ್ಲುತ್ತದೆ. ಈಗ ಅಡ್ಡಿ ಮಾಡುವುದು ಏನೂ ಇಲ್ಲ, 130 ಮಿಲಿಗ್ರಾಂ ಪೂರ್ತಿ ಕೆಲಸ ಮಾಡುತ್ತದೆ. ಮಟ್ಟ ಎಲ್ಲಿಗೆ ಹೋಗುತ್ತದೆ ಗೊತ್ತೇ? 22ರ ಹತ್ತಿರಕ್ಕೆ. ಡೋಸ್ ಏರಿದ್ದು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಮಟ್ಟ ಮಾತ್ರ ಹಳೆಯ 11ರ ಎರಡು ಪಟ್ಟು.

‘ನಿಲ್ಲಿಸಿದರೆ ಸಾಕಾ’ ಎಂಬುದಕ್ಕೆ ನಾನು ಗಾಬರಿಯಾಗಿದ್ದು ಇದಕ್ಕೇ. ಸಿರಪ್ ಶುರು ಮಾಡಿದ ದಿನ ಒಂದು ಅಪಾಯವಾದರೆ, ನಿಲ್ಲಿಸಿದ ದಿನ ಇನ್ನೊಂದು. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಳ್ಳೆಯದನ್ನೇ ಮಾಡಿದೆವು ಅಂತ ಎಲ್ಲರೂ ನಿಶ್ಚಿಂತೆಯಿಂದ ಇರುತ್ತಾರೆ.

ಮಟ್ಟ ಏರಿದ್ದನ್ನು ಮನೆಯಲ್ಲಿ ಗುರುತಿಸಲು ಆಗುತ್ತದೆ, ಆದರೆ ಚಿಕ್ಕ ಮಕ್ಕಳಲ್ಲಿ ಕಷ್ಟ. ದೊಡ್ಡವರಾದರೆ ಎಲ್ಲ ಎರಡೆರಡು ಕಾಣುತ್ತಿದೆ, ತಲೆ ತಿರುಗುತ್ತಿದೆ ಅಂತ ಬಾಯಿಬಿಟ್ಟು ಹೇಳುತ್ತಾರೆ. ನಾಲ್ಕು ವರ್ಷದ ಮಗು ಹೇಳುವುದಿಲ್ಲ. ಪಕ್ಕಕ್ಕೆ ನೋಡುವಾಗ ಕಣ್ಣುಗುಡ್ಡೆ ಪಟಪಟನೆ ಅದುರುತ್ತದೆ. ನಡಿಗೆ ತೂರಾಡುತ್ತದೆ. ಮಾತು ತೊದಲುತ್ತದೆ. ಮಂಕಾಗಿ ನಿದ್ದೆಗೆ ಜಾರುತ್ತದೆ, ವಾಂತಿಯೂ ಆಗಬಹುದು. ಆಟದಲ್ಲಿ ಬಿದ್ದ, ಹೊಟ್ಟೆ ಕೆಟ್ಟಿದೆ ಅಂತ ಮನೆಯವರು ಇದನ್ನು ಬಿಟ್ಟುಬಿಡುತ್ತಾರೆ. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮತ್ತೆ ಫಿಟ್ಸ್ ಬಂದು ಐದು ನಿಮಿಷ ದಾಟಿದರೆ ಯಾರನ್ನೂ ಕೇಳುತ್ತಾ ನಿಲ್ಲಬೇಡಿ, ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಇನ್ನು ನನ್ನ ಮನಸ್ಸಿನಲ್ಲಿ ಕುದಿಯುತ್ತಿರುವ ವಿಷಯ. ನಿಮ್ಮ ಸಿರಪ್ಪಿಗಿಂತ ದೊಡ್ಡ ಕೆಡುಕು ಮಾಡಿದ್ದು ಅದು ಯಾರಿಗೂ ಗೊತ್ತಿರದೆ ಇದ್ದದ್ದು. ಡೋಸ್ ಏರಿಸುವ ಮುಂಚೆ ಆ ಡಾಕ್ಟರಿಗೆ ತಿಳಿದಿದ್ದರೆ ಡೋಸ್ ಏರುತ್ತಲೇ ಇರಲಿಲ್ಲ. ತಿಳಿಯಲಿಲ್ಲ ಯಾಕೆ? ಅವರು ಕೇಳಲಿಲ್ಲ, ನೀವು ಹೇಳಲಿಲ್ಲ. ನಿಮ್ಮ ಪಾಲಿನದಕ್ಕೆ ನಿಮ್ಮನ್ನು ಸ್ವಲ್ಪ ಗದರುತ್ತೇನೆ, ಬೇಜಾರಾಗಬೇಡಿ. ಸೊಸೆಗಾದರೂ ಹೇಳಬೇಕಿತ್ತು. ಮಗುವಿನ ಬಾಯಿಗೆ ಹೋಗುವುದೇನು ಅಂತ ಅದರ ತಾಯಿಗೆ ಗೊತ್ತಿರಲೇಬೇಕು.

ಆದರೆ ಹೆಚ್ಚಿನ ಹೊಣೆ ಕೇಳದೆ ಇದ್ದವರದು. ನನಗೆ ಪರಿಚಯದ ಮಕ್ಕಳ ವೈದ್ಯೆಯೊಬ್ಬರಿದ್ದಾರೆ. ‘ಬೇರೆ ಔಷಧಿ ಏನಾದರೂ ಕೊಡ್ತಿದ್ದೀರಾ’ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಇಲ್ಲ ಅನ್ನುತ್ತಾರಂತೆ. ಸುಳ್ಳು ಹೇಳುವುದಲ್ಲ, ಮನೆಮದ್ದನ್ನು ಅವರು ಔಷಧಿ ಅಂತ ಎಣಿಸುವುದೇ ಇಲ್ಲ. ಅದಕ್ಕೇ ಆಕೆ ಬೇರೆ ಥರ ಕೇಳುತ್ತಾರೆ: ‘ಮಗುವಿಗೆ ನೆನಪಿನ ಶಕ್ತಿಗೆ ಏನು ಕೊಡ್ತೀರಿ? ನೆಗಡಿ ಬಂದರೆ ಎದೆಗೆ ಏನು ಹಚ್ಚುತ್ತೀರಿ? ಮನೆಯಲ್ಲಿ ಹಿರಿಯರು ಏನು ಕುಡಿಸುತ್ತಾರೆ?’ ಆಗ ಎಲ್ಲವೂ ಹೊರಬರುತ್ತದೆ. ಎದೆಗೆ ಹಚ್ಚುವುದನ್ನು ಕೇಳುವುದಕ್ಕೂ ಕಾರಣ ಇದೆ. ಕರ್ಪೂರ ಹೆಚ್ಚು ಮೈಗೆ ಸೇರಿದರೆ ಅದೇ ಫಿಟ್ಸ್ ತರಿಸುತ್ತದೆ. ಹಚ್ಚುವ ಔಷಧಿಗಳಲ್ಲಿ ಕರ್ಪೂರ ಶೇ 11ನ್ನು ಮೀರಬಾರದು ಅಂತ ಅಮೆರಿಕದ ಔಷಧ ಆಡಳಿತ 1983ರಲ್ಲಿ ಗೆರೆ ಎಳೆದದ್ದು ಮಕ್ಕಳ ವಿಷಬಾಧೆಗಳನ್ನು ನೋಡಿಯೇ.

ಆಕೆ ಕೇಳುವ ಹಾಗೆ ಕೇಳಲು ಎರಡು ನಿಮಿಷ ಸಾಕು. ಬೈಯುವುದಕ್ಕೂ ಅಷ್ಟೇ ಹೊತ್ತು ಬೇಕು. ಬೈದರೆ ಆಗುವುದಿಷ್ಟೇ: ಮುಂದಿನ ಬಾಟಲಿ ಬೀರುವಿನ ಇನ್ನೂ ಹಿಂದಕ್ಕೆ ಸರಿಯುತ್ತದೆ. ಬಾಟಲಿ ತಯಾರಿಸುವವರ ಮೇಲೂ ನನಗೆ ಕೋಪವಿದೆ. ‘ಅಡ್ಡಪರಿಣಾಮವಿಲ್ಲ’ ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಫಿಟ್ಸ್ ಔಷಧಿ ಕುಡಿಯುವ ಮಗುವಿಗೆ ಕೊಡಬೇಡಿ ಅಂತ ಸಣ್ಣ ಅಕ್ಷರದಲ್ಲಾದರೂ ಹಾಕಬಾರದೇ? ‘ಅಡ್ಡಪರಿಣಾಮವಿಲ್ಲ’ ಎನ್ನುವ ಔಷಧಿ ಜಾಹೀರಾತನ್ನು ನಮ್ಮ ಪತ್ರಿಕೆ ತೆಗೆದುಕೊಳ್ಳುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.

ಈಗ ನೀವು ಮಾಡಬೇಕಾದದ್ದು. ಸಿರಪ್ ಬಾಟಲಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಹೆಸರು ಹೇಳಿದರೆ ಸಾಲದು. ಲೇಬಲ್ ಮೇಲಿನ ಮೂಲಿಕೆಗಳ ಪಟ್ಟಿಯನ್ನು ಡಾಕ್ಟರು ಓದಬೇಕು. ಗಿಡಗಳೆಲ್ಲ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಕರಿಮೆಣಸಿನ ಪೈಪರೀನ್ ಫೆನಿಟಾಯಿನ್ ಮಟ್ಟವನ್ನು ಏರಿಸುತ್ತದೆ ಅಂತ ದೊಡ್ಡವರಲ್ಲಿ ಮಾಡಿದ ಪರೀಕ್ಷೆಗಳು ತೋರಿಸಿವೆ, ಅದು ಎಷ್ಟೋ ಮೂಲಿಕೆ ಮಿಶ್ರಣಗಳಲ್ಲಿ ಇರುತ್ತದೆ. ಒಂದು ಹಾಳೆಯಲ್ಲಿ ನಾಲ್ಕು ತಾರೀಖು ಬರೆಯಿರಿ: ಸಿರಪ್ ಶುರು ಮಾಡಿದ್ದು, ಫಿಟ್ಸ್ ಬಂದದ್ದು, ಡೋಸ್ ಏರಿದ್ದು, ಸಿರಪ್ ನಿಲ್ಲಿಸಿದ್ದು. ಫೆನಿಟಾಯಿನ್ ಬಾಟಲಿಯನ್ನು ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ ಕೊಡುತ್ತಿದ್ದಿರಾ ಎಂಬುದನ್ನೂ ಹೇಳಿ. ಆ ಔಷಧಿ ತಳಕ್ಕೆ ಇಳಿಯುತ್ತದೆ. ಅಲ್ಲಾಡಿಸದಿದ್ದರೆ ಮೇಲಿನ ಚಮಚ ಸಪ್ಪೆ, ತಳದ ಚಮಚ ಗಡಸು. ತಪ್ಪು ಮೂಲಿಕೆಯದ್ದೋ ಇದರದ್ದೋ ಅಂತ ಬೇರ್ಪಡಿಸಲು ಅವರಿಗೆ ಇದು ಗೊತ್ತಿರಬೇಕು.

ರಕ್ತದಲ್ಲಿ ಫೆನಿಟಾಯಿನ್ ಮಟ್ಟ ನೋಡಿಸಬೇಕಾ ಅಂತ ನೀವೇ ಕೇಳಿ. ನೋಡಿಸುವುದಾದರೆ ಮುಂದಿನ ಡೋಸ್ ಕೊಡುವ ಸ್ವಲ್ಪ ಮುಂಚೆ ರಕ್ತ ತೆಗೆಯುವುದು ವಾಡಿಕೆ. ಮೂಲಿಕೆ ನಿಂತ ಮರುದಿನವೇ ನೋಡಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಮಟ್ಟ ಒಂದು ಕಡೆ ನೆಲೆ ನಿಲ್ಲಲು ಒಂದೆರಡು ವಾರವಾದರೂ ಬೇಕು. ಹಾಗಾಗಿ ಒಂದು ಸಲ ಸರಿ ಬಂತು ಅಂದರೂ ಮತ್ತೊಮ್ಮೆ ಯಾವಾಗ ನೋಡಬೇಕು ಅಂತ ಕೇಳಿಯೇ ಎದ್ದು ಬನ್ನಿ. ಸೊಸೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಹಾಳೆ ಅವರ ಕೈಯಲ್ಲಿರಲಿ.