ಸ್ಟಾರ್ಟರ್ ಪ್ಯಾಕ್ ಕೊಂಡ ಮೇಲೆ

"ಸಂಪಾದಕರೇ, ಮನೆಯಲ್ಲೇ ಕೂತು ರಿವ್ಯೂ ಬರೆಯುವ ಕೆಲಸ ಅಂತ, ಸೇರಲು ಹಣ ಕಟ್ಟಿ ಸ್ಟಾರ್ಟರ್ ಪ್ಯಾಕ್ ಕೊಂಡೆ. ಮೊದಲ ದಿನ ಸ್ವಲ್ಪ ಹಣ ನಿಜವಾಗಿಯೂ ಬಂತು. ಈಗ ಆ್ಯಪಿನಲ್ಲಿ ಕಟ್ಟಿದ್ದರ ನಾಲ್ಕು ಪಟ್ಟು ತೋರಿಸುತ್ತಿದೆ. ತೆಗೆಯಬೇಕಾದರೆ ದೊಡ್ಡ ಪ್ಯಾಕ್ ಕೊಳ್ಳಬೇಕಂತೆ. ಕೊಳ್ಳಲೇ?" – ಒಬ್ಬ ಓದುಗರು

ಕೊಳ್ಳಬೇಡಿ. ಅವರು ಎಷ್ಟೇ ಅವಸರ ಮಾಡಿದರೂ ಇನ್ನೊಂದು ಕಾಸೂ ಕಳಿಸಬೇಡಿ.

ಮೊದಲ ದಿನ ಹಣ ಬಂತಲ್ಲ, ನಿಮ್ಮನ್ನು ನಂಬಿಸಿದ್ದು ಅದೇ. ಪ್ಯಾಕಿಗೆ 100 ಕಟ್ಟಿದಿರಿ, 15 ಕೈಗೆ ಬಂತು ಅಂದುಕೊಳ್ಳಿ. ಅದು ನಿಮ್ಮ 100ರಲ್ಲೇ ವಾಪಸ್ ಬಂದ 15. ಮಿಕ್ಕ 85 ಅವರ ಹತ್ತಿರವೇ ಇದೆ. ಆ್ಯಪಿನಲ್ಲಿ ಕಾಣುವ 400 ಬರೀ ಅಂಕಿ. ಅಲ್ಲಿ 4000 ಅಂತ ತೋರಿಸಿದರೂ ಅವರಿಗೆ ಏನೂ ಖರ್ಚಿಲ್ಲ. ಈಗ ದೊಡ್ಡ ಪ್ಯಾಕಿಗೆ 200 ಕೇಳುತ್ತಾರೆ. 400 ಕೈತಪ್ಪೀತು ಅನ್ನುವ ಭಯಕ್ಕೆ ನೀವು ಕೊಟ್ಟೇ ಕೊಡುತ್ತೀರಿ ಅಂತ ಅವರ ಲೆಕ್ಕ. ಕೊಟ್ಟರೆ ಆಮೇಲೆ ತೆರಿಗೆ ಅನ್ನುತ್ತಾರೆ, ಪರಿಶೀಲನೆ ಶುಲ್ಕ ಅನ್ನುತ್ತಾರೆ, ಕೊನೆಗೆ ಒಂದು ರಿವ್ಯೂ ತಪ್ಪಾಗಿದೆ, ದಂಡ ಕಟ್ಟಿ ಅನ್ನುತ್ತಾರೆ.

ಅನುಮಾನ ಉಳಿದಿದ್ದರೆ ಒಂದೇ ಮಾತು ಕೇಳಿ ನೋಡಿ: "ಆ 200ನ್ನು ನನ್ನ 400ರಲ್ಲೇ ಮುರಿದುಕೊಂಡು ಉಳಿದದ್ದು ಕಳಿಸಿ." ಹಣ ನಿಜವಾಗಿಯೂ ಇದ್ದರೆ ಇದು ಸುಲಭ, ಅಲ್ವಾ? "ಸಿಸ್ಟಂ ಒಪ್ಪುವುದಿಲ್ಲ" ಅಂತ ಉತ್ತರ ಬಂದರೆ 400 ಇಲ್ಲವೇ ಇಲ್ಲ ಅಂತಲೇ ಅರ್ಥ.

ಮನೆಯಲ್ಲೇ ಕೂತು ಪ್ರಶ್ನೆಗಳಿಗೆ ಉತ್ತರಿಸಿ ಹಣ ಪಡೆಯುವ ನಿಜವಾದ ಸರ್ವೆಗಳೂ ಇವೆ. ಅಲ್ಲಿ ಕಂಪನಿಗೆ ನಿಮ್ಮ ಅಭಿಪ್ರಾಯ ಬೇಕಿರುತ್ತದೆ, ಆದ್ದರಿಂದ ಹಣ ಅವರ ಕಡೆಯಿಂದ ಬರುತ್ತದೆ. ಸೇರಲು ಶುಲ್ಕ ಇರುವುದಿಲ್ಲ. ಆದರೆ ಸಿಗುವುದು ಬಹಳ ಕಡಿಮೆ. ಎಷ್ಟೋ ಸಲ ಕೆಲವು ಪ್ರಶ್ನೆ ಕೇಳಿ, ನೀವು ನಮಗೆ ಬೇಕಾದ ವಯಸ್ಸಿನವರಲ್ಲ ಅಂತ ಅರ್ಧಕ್ಕೇ ಹೊರಗೆ ಕಳಿಸುತ್ತಾರೆ. ರಿವ್ಯೂ ವಿಷಯ ಬೇರೆ. ಬಳಸದ ವಸ್ತುವಿಗೆ ದುಡ್ಡು ತಗೊಂಡು ಹೊಗಳಿಕೆ ಬರೆದರೆ ಅದನ್ನು ನಂಬಿ ಕೊಳ್ಳುವವರು ಮೋಸಹೋಗುತ್ತಾರೆ. ಹಣ ಸರಿಯಾಗಿ ಬಂದರೂ ಆ ಕೆಲಸ ಬೇಡ ಅಂತಲೇ ನಾನು ಹೇಳುತ್ತೇನೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಅವರು ನಿಮ್ಮನ್ನು ಬ್ಲಾಕ್ ಮಾಡುವ ಮೊದಲೇ ಚಾಟ್, ರಸೀದಿ, ಹಣ ಹೋದ ಖಾತೆಯ ವಿವರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಕೂಡಲೇ ಬ್ಯಾಂಕಿಗೆ ಫೋನ್ ಮಾಡಿ. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಿಬಿಡುತ್ತದೆ. ಪೊಲೀಸರಿಗೂ ದೂರು ಕೊಡಿ. ಗುರುತಿನ ಚೀಟಿಯ ಫೋಟೋ ಕೊಟ್ಟಿದ್ದರೆ ಅದನ್ನೂ ಇಬ್ಬರಿಗೂ ತಿಳಿಸಿ. ನಿಮ್ಮ ಲಿಂಕಿನಿಂದ ಯಾರಾದರೂ ಸೇರಿದ್ದರೆ, ನಾಚಿಕೆ ಪಡದೆ ಇವತ್ತೇ ಹೇಳಿಬಿಡಿ.

ಇನ್ನು ಕೆಲವು ದಿನಕ್ಕೆ "ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ" ಅಂತ ಯಾರೋ ಫೋನ್ ಮಾಡಬಹುದು. ಮೋಸಹೋದವರ ನಂಬರುಗಳು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತವೆ. ಆ ಫೋನನ್ನೂ ಕಟ್ ಮಾಡಿಬಿಡಿ.