ಮೂರರಲ್ಲಿ ಒಂದು ಗೆಲುವು ನಾಣ್ಯಕ್ಕೂ ಸಿಗುತ್ತೆ

ಪ್ರಶ್ನೆ: ಸಾರ್, ಮಂಡ್ಯದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಎರಡು ವರ್ಷದಿಂದ ಚಾರ್ಟ್ ನೋಡಿ ಷೇರು ಕೊಂಡು ಮಾರ್ತಿದ್ದೀನಿ. ಶೇ 5 ಇಳಿದರೆ ನಷ್ಟಕ್ಕೇ ಮಾರಿ ಹೊರಗೆ, ಅದು ಸ್ಟಾಪ್‌ಲಾಸ್; ಶೇ 10 ಏರಿದರೆ ಲಾಭಕ್ಕೆ ಮಾರ್ತೀನಿ, ಅದು ಟಾರ್ಗೆಟ್. ಒಟ್ಟು 60 ಟ್ರೇಡ್ ಆಯ್ತು. 24ರಲ್ಲಿ ಟಾರ್ಗೆಟ್ ಬಂತು, 36ರಲ್ಲಿ ಸ್ಟಾಪ್‌ಲಾಸ್ ಹೊಡೀತು. ಎಂ.ಕಾಂ ಓದೋ ಮಗಳು, ‘ಅಪ್ಪಾ, ಇದೆಲ್ಲ ರ‍್ಯಾಂಡಮ್ ವಾಕ್, ನಾಣ್ಯ ಚಿಮ್ಮಿದ ಹಾಗೆ’ ಅಂತಾಳೆ. ದುಡ್ಡು ಬಂದಿದೆಯಲ್ಲ, ಮತ್ತೆ ನಾಣ್ಯ ಹೇಗಾಗುತ್ತೆ?

ಉತ್ತರ: ಸೋತದ್ದನ್ನೂ ಬರೆದಿಟ್ಟಿದ್ದೀರಿ, ಅದಕ್ಕೇ ಈ ಉತ್ತರ ಕೊಡೋಕೆ ಆಗುತ್ತಿದೆ. ನನಗೆ ಬರೆಯುವವರಲ್ಲಿ ಸುಮಾರು ಜನ ಗೆದ್ದ ಟ್ರೇಡ್‌ಗಳ ಸ್ಕ್ರೀನ್‌ಶಾಟ್ ಮಾತ್ರ ಕಳಿಸುತ್ತಾರೆ.

ನಾಣ್ಯದ ಮಾತನ್ನೇ ಲೆಕ್ಕಕ್ಕೆ ಹಾಕೋಣ. 100 ರೂಪಾಯಿಗೆ ಕೊಂಡಿರಿ. ಹೆಡ್ ಬಿದ್ದರೆ ಒಂದು ರೂಪಾಯಿ ಮೇಲೆ, ಟೇಲ್ ಬಿದ್ದರೆ ಒಂದು ರೂಪಾಯಿ ಕೆಳಗೆ. 95 ಮುಟ್ಟಿದರೆ ಹೊರಗೆ, 110 ಮುಟ್ಟಿದರೂ ಹೊರಗೆ. 95 ಐದೇ ಹೆಜ್ಜೆ ದೂರ, 110 ಹತ್ತು ಹೆಜ್ಜೆ. ಹಾಗಾಗಿ ಮೂರರಲ್ಲಿ ಎರಡು ಸಲ ಮೊದಲು 95 ಸಿಗುತ್ತೆ, ಒಂದು ಸಲ 110. ಇದನ್ನು 60 ಸಲ ಆಡಿದರೆ ಸರಾಸರಿ 20 ಗೆಲುವು, 40 ಸೋಲು. ಇಪ್ಪತ್ತು ಹತ್ತಲೆ 200 ಬಂತು, ನಲವತ್ತು ಐದಲೆ 200 ಹೋಯ್ತು. ಕೈಗೆ ಸೊನ್ನೆ.

ಅಂದರೆ ‘ಒಂದು ರೂಪಾಯಿ ನಷ್ಟಕ್ಕೆ ಎರಡು ರೂಪಾಯಿ ಲಾಭ ಇಟ್ಟುಕೊಂಡಿದ್ದೀನಿ, ಮೂರರಲ್ಲಿ ಒಂದು ಗೆದ್ದರೂ ಸಾಕು’ ಅಂತ ಕೋಚಿಂಗ್ ಕ್ಲಾಸಲ್ಲಿ ಹೇಳಿಕೊಡ್ತಾರಲ್ಲ, ಆ ಮೂರರಲ್ಲಿ ಒಂದು ನಾಣ್ಯಕ್ಕೂ ಬರುತ್ತೆ. ಬರೀ ಸ್ಟಾಪ್‌ಲಾಸಿಂದ ಲಾಭ ಹುಟ್ಟುವುದಿಲ್ಲ. ಲಾಭ ನಷ್ಟ ಯಾವ ಗಾತ್ರದಲ್ಲಿ ಬರಬೇಕು ಅನ್ನೋದಷ್ಟೇ ಬದಲಾಗುತ್ತೆ.

ನಿಮ್ಮದು 20 ಅಲ್ಲ, 24. ಪ್ರತಿ ಟ್ರೇಡಿಗೆ ನೂರು ರೂಪಾಯಿ ಹಾಕಿದ ಲೆಕ್ಕದಲ್ಲಿ 240 ಬಂತು, 180 ಹೋಯ್ತು, 60 ಉಳಿಯಿತು. ಡೆಲಿವರಿಗೆ ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1 ಎಸ್‌ಟಿಟಿ ಅನ್ನೋ ವಹಿವಾಟು ತೆರಿಗೆ ಇದೆ. ಸ್ಟಾಂಪ್ ಡ್ಯೂಟಿ, ಬ್ರೋಕರೇಜ್, ಡಿಮ್ಯಾಟ್ ಖಾತೆಯ ಡಿಪಿ ಚಾರ್ಜ್ ಸೇರಿಸಿ ಟ್ರೇಡಿಗೆ 30 ಪೈಸೆ ಅಂತಿಟ್ಟುಕೊಳ್ಳಿ, 18 ರೂಪಾಯಿ ಅಲ್ಲೇ ಹೋಯ್ತು. ಉಳಿದದ್ದು 42, ಆದಾಯ ತೆರಿಗೆ ಬೇರೆ. 95ಕ್ಕೆ ಸ್ಟಾಪ್‌ಲಾಸ್ ಹಾಕಿ ಮಲಗಿದ್ದಾಗ, ಕೆಟ್ಟ ರಿಸಲ್ಟ್ ಬಂದು ಬೆಳಗ್ಗೆ ಷೇರು 91ಕ್ಕೇ ಓಪನ್ ಆಗಿದ್ದೂ ಇರುತ್ತೆ ಅಲ್ವಾ? ಅಂಥವನ್ನು ಐದು ಅಂತಲೇ ಬರೆದಿದ್ದರೆ ತಿದ್ದಿಕೊಳ್ಳಿ.

ಈಗ ಮುಖ್ಯ ಪ್ರಶ್ನೆ. ನಾಲ್ಕು ಗೆಲುವು ಜಾಸ್ತಿ ಬಂದದ್ದು ಚಾರ್ಟಿನಿಂದಲೋ ಅದೃಷ್ಟದಿಂದಲೋ? ನಾಣ್ಯ ಚಿಮ್ಮುವ ಆರು ಜನರನ್ನು ಕೂರಿಸಿ ತಲಾ 60 ಸಲ ಆಡಿಸಿದರೆ, ಸರಾಸರಿ ಅವರಲ್ಲಿ ಒಬ್ಬನಿಗೆ 24 ಅಥವಾ ಅದಕ್ಕಿಂತ ಜಾಸ್ತಿ ಬರುತ್ತೆ. ಹಾಗಾಗಿ ನಿಮ್ಮ ಮಗಳ ಮಾತನ್ನು ನಿಮ್ಮ ಈ ಲೆಕ್ಕದ ಪುಸ್ತಕ ಸುಳ್ಳು ಮಾಡಿಲ್ಲ. ನಿಜ ಅಂತಲೂ ಮಾಡಿಲ್ಲ. ಇದೇ ಶೇ 40 ಗೆಲುವು 200 ಟ್ರೇಡಿನವರೆಗೂ ನಿಂತರೆ ಕತೆ ಬೇರೆ. ಅಷ್ಟು ಗೆಲುವು ನಾಣ್ಯ ಚಿಮ್ಮುವ ನೂರು ಜನರಲ್ಲಿ ಮೂವರಿಗೆ ಸಿಕ್ಕರೆ ಹೆಚ್ಚು.

ಮಗಳು ಹೇಳುವ ವಾದದ ಬೇರು ಹಳೆಯದು. 1959ರಲ್ಲಿ ಹ್ಯಾರಿ ರಾಬರ್ಟ್ಸ್ ಅನ್ನೋ ಅಮೆರಿಕದ ಪ್ರೊಫೆಸರ್ ಯದ್ವಾತದ್ವಾ ಸಂಖ್ಯೆಗಳನ್ನು ಒಂದಕ್ಕೊಂದು ಕೂಡಿಸುತ್ತಾ ಗೆರೆ ಎಳೆದರು. ಅದು ಥೇಟ್ ಷೇರು ಚಾರ್ಟಿನ ಹಾಗೇ ಬಂತು, ಚಾರ್ಟಿನವರು ಹುಡುಕುವ ‘ಹೆಡ್ ಅಂಡ್ ಶೋಲ್ಡರ್ಸ್’ ಅನ್ನೋ ತಲೆ-ಭುಜದ ಆಕಾರ ಸಮೇತ. ನಾನೂ ಒಂದು ಭಾನುವಾರ ಮನೆಯಲ್ಲಿ ಎರಡು ರೂಪಾಯಿ ನಾಣ್ಯ ಇಟ್ಟುಕೊಂಡು 150 ಸಲ ಚಿಮ್ಮಿ, ಗ್ರಾಫ್ ಹಾಳೆಯಲ್ಲಿ ಬರೆದು, ಮೈಸೂರಿನ ಕುವೆಂಪುನಗರದಲ್ಲಿರುವ ಗೆಳೆಯನಿಗೆ ತೋರಿಸಿದೆ, ಅವನು ಹದಿನೈದು ವರ್ಷದಿಂದ ಚಾರ್ಟ್ ನೋಡಿಯೇ ಟ್ರೇಡ್ ಮಾಡುವವನು. ಪೆನ್ಸಿಲ್ ತಗೊಂಡು ಟಕ್ ಅಂತ, ಬೆಲೆ ಇದರ ಕೆಳಗೆ ಇಳಿಯಲ್ಲ ಅನ್ನೋ ಸಪೋರ್ಟ್ ಗೆರೆ ಎಳೆದ. ‘ಮೂರು ಸಲ ಇಲ್ಲೇ ನಿಂತಿದೆ ನೋಡು, ಯಾವ ಷೇರು ಇದು?’ ಅಂದ. ನಾಣ್ಯ ತೋರಿಸಿದೆ. ಒಂದು ನಿಮಿಷ ಮಾತೇ ಇಲ್ಲ, ಆಮೇಲೆ ನಕ್ಕ.

ಯಾಕೆ ಹೀಗೆ ಕಾಣುತ್ತೆ ಅಂದರೆ, ಚಾರ್ಟಿನಲ್ಲಿರುವುದು ಕೂಡುತ್ತಾ ಬಂದ ಮೊತ್ತ. ಇವತ್ತಿನ ಬೆಲೆಯೊಳಗೆ ನಿನ್ನೆಯ ಬೆಲೆ ಇದ್ದೇ ಇರುತ್ತೆ. ಅದಕ್ಕೇ ಗೆರೆ ಒಂದೇ ಕಡೆ ಬಹಳ ಹೊತ್ತು ಸಾಗಿದ ಹಾಗೆ ಕಾಣುತ್ತೆ. ಬೆಲೆ ಬಿಟ್ಟು ದಿನದಿನದ ಏರಿಳಿತವನ್ನಷ್ಟೇ ಬಿಡಿಸಿ ನೋಡಿ. ಟ್ರೆಂಡ್ ಮಾಯವಾಗಿ ಬರೀ ಗೀಚು ಉಳಿಯುತ್ತೆ.

ಮಗಳ ಮಾತಿನ ಹಿಂದಿರುವುದು, ಎಲ್ಲರಿಗೂ ಗೊತ್ತಿರುವುದೆಲ್ಲ ಆಗಲೇ ಬೆಲೆಯಲ್ಲಿ ಸೇರಿರುತ್ತೆ ಅನ್ನೋ ಎಫಿಶಿಯೆಂಟ್ ಮಾರ್ಕೆಟ್ ವಾದ. ಅದು ನಿಮ್ಮೂರಿನ ಬೆಲ್ಲದ ಮಂಡಿಯಲ್ಲೇ ಅರ್ಥವಾಗುತ್ತೆ. ಪ್ರತಿ ಗುರುವಾರ ಕ್ವಿಂಟಲ್‌ಗೆ ನೂರು ರೂಪಾಯಿ ಏರುತ್ತೆ ಅಂತ ಎಲ್ಲರಿಗೂ ಗೊತ್ತಾದರೆ ಏನಾಗುತ್ತೆ? ಬುಧವಾರ ಯಾರೂ ಬೆಲ್ಲ ಬಿಡಲ್ಲ, ಕೊಳ್ಳುವವರು ಮುಗಿಬೀಳುತ್ತಾರೆ. ಆ ನೂರು ಬುಧವಾರವೇ ಏರಿಬಿಡುತ್ತೆ, ಗುರುವಾರಕ್ಕೆ ಏನೂ ಉಳಿಯಲ್ಲ. ಹಳೆಯ ಬೆಲೆ ಎಲ್ಲರ ಕಣ್ಣ ಮುಂದಿರುವಾಗ ಅದರಿಂದ ನಿನಗೊಬ್ಬನಿಗೇ ಲಾಭ ಯಾಕೆ ಸಿಗಬೇಕು ಅನ್ನೋದು ಅಮೆರಿಕದ ಅರ್ಥಶಾಸ್ತ್ರಜ್ಞ ಯೂಜೀನ್ ಫಾಮಾ ಅವರಂಥವರ ವಾದ.

ಕುವೆಂಪುನಗರದ ಆ ಗೆಳೆಯ ಇದನ್ನೆಲ್ಲ ಸುಮ್ನೆ ಒಪ್ಪಲಿಲ್ಲ. ಅವನ ಮೊದಲ ಮಾತು: ‘ಚಾರ್ಟ್ ನನಗೆ ಭವಿಷ್ಯ ಹೇಳಲ್ಲ, ಎಲ್ಲಿ ಹೊರಗೆ ಬರಬೇಕು ಅಂತ ಹೇಳುತ್ತೆ, ಅಷ್ಟೇ.’ ಇದು ಪ್ರಾಮಾಣಿಕ ಉತ್ತರ. ಒಂದೇ ಷೇರಿನಲ್ಲಿ ಗಂಟು ಕಳೆದುಕೊಳ್ಳದ ಹಾಗೆ ಅದು ಕಾಯುತ್ತೆ. ಆದರೆ ಮೇಲಿನ ಲೆಕ್ಕದ ಪ್ರಕಾರ ಅದು ಲಾಭದ ಮೂಲವಲ್ಲ, ಅಂತ ನಾನಂದೆ. ಅದನ್ನು ಅವನೂ ಒಪ್ಪಿದ.

ಎರಡನೆಯದು ಗಟ್ಟಿಯಾದದ್ದು. ‘ನಾಣ್ಯಕ್ಕೆ ಹೆದರಿಕೆ ಇಲ್ಲ, ಜನಕ್ಕೆ ಇದೆ’ ಅಂದ. ಇದು ಒಂದು ಮಟ್ಟಕ್ಕೆ ನಿಜ. ದೊಡ್ಡ ಏರಿಳಿತದ ದಿನದ ಬೆನ್ನಿಗೇ ಮತ್ತೆ ದೊಡ್ಡ ಏರಿಳಿತಗಳು ಬರುವುದು ಹೆಚ್ಚು, ನಾಣ್ಯದಲ್ಲಿ ಹಾಗಾಗಲ್ಲ. ಆದರೆ ಅದು ಹೇಳೋದು ಅಲೆಯ ಎತ್ತರವನ್ನು, ದಿಕ್ಕನ್ನಲ್ಲ. ದಿಕ್ಕಿನ ಬಗ್ಗೆ ಚಾರ್ಟಿನವರ ಕೈಯಲ್ಲಿರುವ ಒಳ್ಳೆಯ ಸಾಕ್ಷಿ ಮೊಮೆಂಟಮ್. ಅಮೆರಿಕದ ಷೇರುಗಳಲ್ಲಿ 3ರಿಂದ 12 ತಿಂಗಳು ಚೆನ್ನಾಗಿ ಏರಿದವು ಮುಂದಿನ ಕೆಲವು ತಿಂಗಳೂ ಉಳಿದವಕ್ಕಿಂತ ಮುಂದಿದ್ದವು ಅಂತ ಜೆಗದೀಶ್ ಮತ್ತು ಟಿಟ್‌ಮನ್ ಅನ್ನೋ ಸಂಶೋಧಕರು 1993ರಲ್ಲಿ ತೋರಿಸಿದರು. ಹಳೆಯ ಬೆಲೆಯಲ್ಲಿ ಏನೂ ಇಲ್ಲ ಅನ್ನೋ ವಾದಕ್ಕೆ ಇದು ನೇರ ಪೆಟ್ಟು, ಮಗಳಿಗೂ ಹೇಳಿ. ಆದರೆ ಅದು ನೂರಾರು ಷೇರುಗಳ ಗುಂಪಿನಲ್ಲಿ ಸರಾಸರಿಯಾಗಿ ಕಂಡದ್ದು. ಒಂದು ಷೇರಿನ ಚಾರ್ಟಿನಲ್ಲಿ ತ್ರಿಕೋನ, ಧ್ವಜದಂಥ ಆಕಾರ ನೋಡಿ ಬಂದದ್ದಲ್ಲ. 2009ರ ಮಾರ್ಚ್ ನಂತರ ಮಾರುಕಟ್ಟೆ ತಿರುಗಿದಾಗ, ಬಿದ್ದಿದ್ದ ಷೇರುಗಳೇ ಎಲ್ಲರಿಗಿಂತ ಜೋರಾಗಿ ಎದ್ದು, ಈ ತಂತ್ರ ನೆಚ್ಚಿಕೊಂಡವರಿಗೆ ಸರಿಯಾಗಿ ಏಟು ಬಿತ್ತು.

ನಿಮ್ಮ ವಿಷಯದಲ್ಲಿ ಇನ್ನೂ ಒಂದು ಅನುಮಾನ ಉಳಿದಿದೆ. ಆ ಎರಡು ವರ್ಷ ಮಾರುಕಟ್ಟೆಯೇ ಏರುತ್ತಿದ್ದರೆ, ಕಣ್ಣು ಮುಚ್ಚಿ ಕೊಂಡವರಿಗೂ 20ಕ್ಕಿಂತ ಜಾಸ್ತಿ ಗೆಲುವು ಬಂದಿರುತ್ತೆ. ಇದನ್ನು ಪರೀಕ್ಷೆ ಮಾಡಬಹುದು. ನೀವು ಕೊಂಡ ಅದೇ ಷೇರುಗಳನ್ನೇ ಇಟ್ಟುಕೊಳ್ಳಿ, ಕೊಂಡ ದಿನವನ್ನು ಮಾತ್ರ ಆ ಎರಡು ವರ್ಷದೊಳಗಿಂದ ಚೀಟಿ ಎತ್ತಿ ಆರಿಸಿ. ಅಲ್ಲಿಂದ ಅದೇ 5, ಅದೇ 10 ಹಾಕಿ ಹಳೆಯ ಬೆಲೆಗಳಲ್ಲಿ ಏನಾಯಿತು ನೋಡಿ. ಒಂದೇ ದಿನ ಎರಡೂ ಮುಟ್ಟಿದ್ದರೆ ಸೋಲು ಅಂತ ಬರೆಯಿರಿ. ಇಡೀ ಆಟವನ್ನು ನಾಲ್ಕೈದು ಸಲ ಮಾಡಿ. ಚೀಟಿಗೂ 23, 24 ಬರುತ್ತಿದ್ದರೆ ನಿಮ್ಮ ಲಾಭ ಮಾರುಕಟ್ಟೆ ಕೊಟ್ಟದ್ದು. 19, 20ರಲ್ಲೇ ನಿಂತರೆ ಟ್ರೇಡ್ ಮುಂದುವರಿಸಿ, 200 ಆದಾಗ ಮತ್ತೆ ಲೆಕ್ಕ ಹಾಕೋಣ. ಆದರೆ ನಡುವೆ ನಿಯಮ ಬದಲಾಯಿಸಿದರೆ ಎಣಿಕೆ ಮತ್ತೆ ಒಂದರಿಂದ ಶುರು. ಚೀಟಿ ಮಾತ್ರ ನೀವು ಎತ್ತಬೇಡಿ, ಮಗಳ ಕೈಲಿ ಎತ್ತಿಸಿ. ಷೇರು ಯಾವಾಗ ಏರಿತ್ತು ಅಂತ ನಿಮಗೆ ನೆನಪಿರುತ್ತೆ.