ಕೇಬಲ್ ಸಿಕ್ಕಿಸಿದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನೋ ಶಬ್ದ

“ಕಂಪ್ಯೂಟರ್, ಕೇಬಲ್ ಸೆಟ್ ಟಾಪ್ ಬಾಕ್ಸ್ ಎರಡನ್ನೂ ಒಂದೇ ಆಂಪ್ಲಿಫೈಯರ್‌ಗೆ ಹಾಕಿದ್ದೇನೆ. ಸದಾ ಗುಂಯ್ ಅನ್ನುತ್ತೆ. ಸ್ಪೀಕರ್ ಹೋಯ್ತಾ? ಊರು ಸಿಂಧನೂರು.”

ಸ್ಪೀಕರ್ ಚೆನ್ನಾಗೇ ಇರುತ್ತೆ. ಎಲ್ಲವೂ ಆನ್ ಇರುವಾಗಲೇ ಸೆಟ್ ಟಾಪ್ ಬಾಕ್ಸ್ ಹಿಂದಿನ ಕೇಬಲ್ ಒಂದನ್ನು ಮಾತ್ರ ತಿರುಗಿಸಿ ಬಿಚ್ಚಿ. ಗುಂಯ್ ತಕ್ಷಣ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಬೇರೆ ಕಡೆ ನೆಲಕ್ಕೆ ಸೇರಿದ ತಂತಿಗಳ ಮೂಲಕ ಕರೆಂಟ್ ಸುತ್ತು ಹೊಡೆಯೋದು. ನಿಲ್ಲದಿದ್ದರೆ ಕಾರಣ ಬೇರೆ, ಆ ಸುತ್ತನ್ನು ತುಂಡರಿಸುವ ಐಸೊಲೇಟರ್‌ಗೆ ದುಡ್ಡು ಹಾಕಬೇಡಿ.

ಬಳ್ಳಾರಿಯಲ್ಲಿ ನಮ್ಮಣ್ಣನ ಮನೆಯಲ್ಲೂ ಇದೇ ಜೋಡಣೆ ಇತ್ತು. ಕಂಪ್ಯೂಟರ್‌ನ ಮೂರು ಪಿನ್ ಪ್ಲಗ್ ಮೂಲಕ ಅದರ ಕ್ಯಾಬಿನೆಟ್ ಮನೆಯ ಅರ್ಥಿಂಗ್‌ಗೆ ಸೇರಿರುತ್ತೆ. ಕೇಬಲ್ ತಂತಿಯ ಹೊರಜಾಲರಿ ಬೀದಿಯಲ್ಲಿ ಇನ್ನೆಲ್ಲೋ ನೆಲಕ್ಕೆ ಸೇರಿರುತ್ತೆ. ಈ ಎರಡು ನೆಲಗಳ ವೋಲ್ಟೇಜ್ ಒಂದೇ ಇರಲ್ಲ, ಅದರಲ್ಲೂ ನಮ್ಮ ಕಡೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ವ್ಯತ್ಯಾಸ ಇನ್ನೂ ಜಾಸ್ತಿ ಆಗಬಹುದು. ಬಿಚ್ಚಿದ ಕೇಬಲ್‌ನ ಹೊರಲೋಹಕ್ಕೂ ಕಂಪ್ಯೂಟರ್ ಕ್ಯಾಬಿನೆಟ್‌ಗೂ ಮಲ್ಟಿಮೀಟರ್ ಹಿಡಿದಾಗ ಎರಡು ವೋಲ್ಟ್ ಎಸಿ ಹತ್ತಿರ ಬಂತು. ಆ ವ್ಯತ್ಯಾಸದಿಂದ ಹರಿಯುವ 50 ಹರ್ಟ್ಜ್ ಕರೆಂಟ್ ಆಡಿಯೋ ತಂತಿಯ ಹೊರಕವಚದಲ್ಲಿ ಹಾದು ಹೋಗುತ್ತೆ, ಆಂಪ್ಲಿಫೈಯರ್ ಅದನ್ನೂ ಹಾಡು ಅಂದುಕೊಂಡು ದೊಡ್ಡದು ಮಾಡುತ್ತೆ. (ಮೀಟರ್ ಹತ್ತಾರು ವೋಲ್ಟ್ ತೋರಿಸಿದರೆ ಕೇಬಲ್ ಮುಟ್ಟಬೇಡಿ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ.)

ಅಲ್ಲಿ ನಾವು ಹಾಕಿದ್ದು ಕೇಬಲ್ ಟಿವಿಯ ಐಸೊಲೇಟರ್, ಸೆಟ್ ಟಾಪ್ ಬಾಕ್ಸ್‌ಗೆ ಕೇಬಲ್ ಸೇರುವ ಜಾಗದಲ್ಲೇ. ಇದರೊಳಗೆ ನಡುತಂತಿಯ ದಾರಿಯಲ್ಲೂ ಜಾಲರಿಯ ದಾರಿಯಲ್ಲೂ ಅಡ್ಡವಾಗಿ ಸಣ್ಣ ಕೆಪಾಸಿಟರ್ ಇರುತ್ತೆ. 1 ನ್ಯಾನೋಫ್ಯಾರಡ್‌ನದ್ದು ಅಂದುಕೊಳ್ಳಿ, 50 ಹರ್ಟ್ಜ್‌ಗೆ ಅದು 30 ಲಕ್ಷ ಓಮ್‌ಗೂ ಜಾಸ್ತಿ ಅಡ್ಡಿ. 500 ಮೆಗಾಹರ್ಟ್ಜ್‌ನ ಚಾನೆಲ್ ಸಿಗ್ನಲ್‌ಗೆ ಅರ್ಧ ಓಮ್ ಕೂಡ ಇಲ್ಲ. ಹಾಗಾಗಿ ಚಿತ್ರ ಬರುತ್ತೆ, ಗುಂಯ್ ಬರಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಮೀಟರ್ ಇಟ್ಟು ನೋಡಿ: ಎರಡು ತುದಿಯ ಹೊರಲೋಹಗಳ ನಡುವೆ ಬೀಪ್ ಬಂದರೆ ಅದು ಐಸೊಲೇಟರ್ ಅಲ್ಲ, ಸುಮ್ನೆ ಜಾಯಿಂಟರ್.

ಡಿಶ್ ಇರುವ ಮನೆಗೆ ಇದು ಬೇಡ. ಛಾವಣಿಯ ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಡಿಸಿ ಅದೇ ಕೇಬಲ್‌ನಲ್ಲಿ ಹೋಗಬೇಕು, ಕೆಪಾಸಿಟರ್ ಅದನ್ನೂ ತಡೆಯುತ್ತೆ, ಚಾನೆಲ್ ಹೋಗುತ್ತೆ. ಅಂಥವರು ಕಂಪ್ಯೂಟರ್‌ನಿಂದ ಬರುವ ಆಡಿಯೋ ತಂತಿಗೆ ಟ್ರಾನ್ಸ್‌ಫಾರ್ಮರ್ ಇರುವ ಆಡಿಯೋ ಐಸೊಲೇಟರ್ ಹಾಕಬೇಕು. ಅಗ್ಗದ್ದರಲ್ಲಿ ಟ್ರಾನ್ಸ್‌ಫಾರ್ಮರ್ ತೀರಾ ಚಿಕ್ಕದು, ಬೇಸ್ ಸಪ್ಪೆಯಾಗುತ್ತೆ.

ಅರ್ಥ್ ಪಿನ್ ಮುರಿದರೆ ಶಬ್ದ ಹೋಗುತ್ತೆ ಅಂತ ಯಾರಾದರೂ ಹೇಳ್ತಾರೆ. ಹೋಗುತ್ತೆ ನಿಜ. ಆದರೆ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನಬಹುದು, ಒಳಗೆ ಶಾರ್ಟ್ ಆದ ದಿನ ಪೂರ್ತಿ ಕರೆಂಟ್ ಆ ಕ್ಯಾಬಿನೆಟ್‌ಗೇ ಬರುತ್ತೆ.